ತೊಂಬತ್ತಾರು ಮೈಕ್ರೊಸೆಕೆಂಡ್

ಹರಿಣಾಕ್ಷಿಯಕ್ಕನ ಬಗ್ಗೆ ಬರೆಯುವುದಾದರೆ ನಾನು ಆಡಿದ ಒಂದು ಮಾತಿನಿಂದಲೇ ಶುರು ಮಾಡಬೇಕು. "ಅಕ್ಕ, ನೀವು ವಯರ್ ಎಣಿಸಿ ಪೆಟ್ಟಿಗೆಗೆ ಹಾಕಿ. ಬೋರ್ಡ್ ಹಾಳಾಗಿದೆಯಾ ಇಲ್ಲವಾ ಅಂತ ನಾನು ನೋಡ್ತೇನೆ." ಇಪ್ಪತ್ತು ಮಂದಿ ವಿದ್ಯಾರ್ಥಿಗಳ ಎದುರು ಹಾಗೆ ಹೇಳಿದ್ದೆ. ಅವರು ವಯರ್ ಎಣಿಸಿ ಪೆಟ್ಟಿಗೆಗೆ ಹಾಕಿದರು.

ಆಗ ನನಗೆ ಇಪ್ಪತ್ತಾರು ವರ್ಷ. ಬಂಟ್ವಾಳದ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಮೂಡುಬಿದಿರೆಯ ಹೊರವಲಯದ ಒಂದು ಡಿಪ್ಲೊಮಾ ಕಾಲೇಜಿಗೆ ಬರುತ್ತಿದ್ದೆ. ಉಪನ್ಯಾಸಕನಾಗಿ ಸೇರಿ ಎಂಟು ತಿಂಗಳಾಗಿತ್ತು ಅಷ್ಟೆ. ಹರಿಣಾಕ್ಷಿಯಕ್ಕ ನಮ್ಮ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಅಟೆಂಡರ್. ನಲವತ್ತೆರಡು ವರ್ಷ, ಸ್ವಲ್ಪ ಕುಳ್ಳಗೆ, ಕನ್ನಡಕದ ಒಂದು ಕಾಲಿಗೆ ಕಪ್ಪು ಟೇಪ್ ಸುತ್ತಿರುತ್ತಿತ್ತು. ಬೆಳಿಗ್ಗೆ ಬೆಳುವಾಯಿಯಿಂದ ಬಂದು ಬೀಗ ತೆಗೆಯುವುದು, ಮೇಜು ಒರೆಸುವುದು, ಸಾಮಾನು ಕೊಡುವುದು, ಸಂಜೆ ವಾಪಸು ತೆಗೆದುಕೊಳ್ಳುವುದು, ಕಾಗದದ ಮೇಲೆ ಅವರ ಕೆಲಸ ಅಷ್ಟೇ ಇತ್ತು.

ಅವರು ಹುಟ್ಟಿದ್ದು ನೆರಿಯದಲ್ಲಿ. ತಂದೆ ತುಕ್ರಪ್ಪ, ತಾಯಿ ಸೇಸಮ್ಮ. ಸ್ವಲ್ಪ ಅಡಿಕೆ, ಸ್ವಲ್ಪ ರಬ್ಬರ್. ಹತ್ತನೆಯದು ಮುಗಿದ ಮೇಲೆ ಬೆಳ್ತಂಗಡಿಗೆ ಹೋಗಿ ಐಟಿಐ ಸೇರಿದರು. ರೇಡಿಯೊ ಮತ್ತು ಟಿ.ವಿ. ರಿಪೇರಿಯ ಕೋರ್ಸು. ಆ ತರಗತಿಯಲ್ಲಿ ಇವರೊಬ್ಬರೇ ಹುಡುಗಿ. ಮುಗಿಸಿದ ಮೇಲೆ ಬಿ.ಸಿ. ರೋಡಿನಲ್ಲಿ ಇದಿನಬ್ಬ ಎಂಬ ಬ್ಯಾರಿ ಸಾಹೇಬರ ಟಿ.ವಿ. ರಿಪೇರಿ ಅಂಗಡಿಯಲ್ಲಿ ಏಳು ವರ್ಷ ಕೆಲಸ ಮಾಡಿದರು. ಗಿರಾಕಿಗಳು ಮೊದಮೊದಲು ಇವರ ಕೈಗೆ ಟಿ.ವಿ. ಕೊಡಲು ಹಿಂಜರಿಯುತ್ತಿದ್ದರಂತೆ. ಇದಿನಬ್ಬ ಮಾತ್ರ, "ನನ್ನ ಕಣ್ಣು ಈಗ ಮಂಜು ಮಂಜು. ಸಣ್ಣ ಬೆಸುಗೆ ಎಲ್ಲ ಅವಳದ್ದೇ. ಬೇಡದಿದ್ದರೆ ತಕ್ಕೊಂಡು ಹೋಗಿ" ಎನ್ನುತ್ತಿದ್ದರಂತೆ. ಆಮೇಲೆ ಬೆಳುವಾಯಿಯ ಶಂಭು ಅವರೊಂದಿಗೆ ಮದುವೆ. ಗೋಡೆಗೆ ಅಂಟುವ ತೆಳ್ಳಗಿನ ಟಿ.ವಿ.ಗಳು ಬಂದು ರಿಪೇರಿ ಕೆಲಸ ಕಡಿಮೆಯಾದಾಗ ಈ ಕಾಲೇಜಿಗೆ ಸೇರಿದರು.

ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ನಾನು ಪಾಠ ಮಾಡುವಾಗ ಅವರು ಹಿಂದೆ, ಸಾಮಾನಿನ ಕಪಾಟಿನ ಹತ್ತಿರ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಮಡಿಲಲ್ಲಿ ಒಂದು ಪುಸ್ತಕ. ಸಾಮಾನಿನ ಲೆಕ್ಕ ಬರೆಯುತ್ತಾರೆ ಎಂದುಕೊಂಡಿದ್ದೆ. ಅದರಲ್ಲಿ ಹನ್ನೊಂದು ವರ್ಷದ ಪಾಠಗಳಿದ್ದವು. ನನಗಿಂತ ಮೊದಲು ಬಂದು ಹೋದ ಐದು ಉಪನ್ಯಾಸಕರದ್ದೂ ಸೇರಿ.

ಸೋಮವಾರ ನಡೆದದ್ದು ಹೀಗೆ. ಗುರುವಾರ ಪ್ರಾಯೋಗಿಕ ಪರೀಕ್ಷೆ. ಹಳೆಯ ಬೋರ್ಡುಗಳನ್ನು ಕಂಪೆನಿಯವರು ಬದಲಿಯಾಗಿ ಒಯ್ದು, ಶನಿವಾರ ಇಪ್ಪತ್ತು ಹೊಸ 8051 ಮೈಕ್ರೊಕಂಟ್ರೋಲರ್ ಬೋರ್ಡುಗಳನ್ನು ಇಳಿಸಿದ್ದರು. ಅವರ ಹುಡುಗ ದೀಪ ಮಿನುಗಿಸಿ, ಸಣ್ಣ ಪರದೆಯ ಮೇಲೆ ಅಕ್ಷರ ಮೂಡಿಸಿ ತೋರಿಸಿ, ಸಹಿ ಹಾಕಿಸಿಕೊಂಡು ಹೋಗಿದ್ದ. ಸೋಮವಾರದ ಪ್ರಯೋಗ ಸೀರಿಯಲ್ ಸಂವಹನ: ಕಂಪ್ಯೂಟರಿನಿಂದ ಒಂದು ಅಕ್ಷರ ಕಳಿಸಬೇಕು, ಅದು ಒಂದೇ ತಂತಿಯಲ್ಲಿ ಬಿಟ್ ಬಿಟ್ಟಾಗಿ ಬೋರ್ಡಿಗೆ ಬರಬೇಕು, ಚಿಪ್ಪಿನ ಒಳಗಿರುವ ಯುಆರ್ಟ್ ಎಂಬ ಭಾಗ ಅದನ್ನು ಕೂಡಿಸಿ ಎಸ್‌ಬಫ್ ಎಂಬ ರಿಜಿಸ್ಟರಿನಲ್ಲಿ, ಅಂದರೆ ಚಿಪ್ಪಿನೊಳಗಿನ ಪುಟ್ಟ ಖಾನೆಯಲ್ಲಿ, ಇಡಬೇಕು. ಬೈಟ್ ಬಂತು ಎಂಬುದಕ್ಕೆ ಆರ್‌ಐ ಎಂಬ ಒಂದು ಬಿಟ್ ಒಂದಾಗುತ್ತದೆ. ಅದಾಗುವವರೆಗೆ ಕಾದು, ಎಸ್‌ಬಫ್ ಓದಿ, ಎಂಟು ದೀಪಗಳ ಮೇಲೆ ತೋರಿಸಿ, ಆರ್‌ಐಯನ್ನು ಮತ್ತೆ ಸೊನ್ನೆ ಮಾಡಬೇಕು. ಹತ್ತು ಸಾಲಿನ ಪ್ರೋಗ್ರಾಂ. ನಾನು ಬರುವ ಮೊದಲಿನಿಂದಲೂ ವರ್ಷ ವರ್ಷ ಮಾಡಿಸುತ್ತಾ ಬಂದದ್ದು.

ತೃಷಾ ಎಂಬ ಹುಡುಗಿ ಮೊದಲು ಕೈ ಎತ್ತಿದಳು. "ಸರ್, ಎ ಕಳಿಸಿದ್ರೆ ದೀಪ ಬೇರೆಯೇ ಉರಿತದೆ."

'ಎ' ಅಕ್ಷರಕ್ಕೆ ಒಂದನೆಯ ದೀಪ ಮತ್ತು ಏಳನೆಯ ದೀಪ ಉರಿಯಬೇಕು. ಅವಳ ಬೋರ್ಡಿನಲ್ಲಿ ಒಂದನೆಯದು ಮತ್ತು ಎಂಟನೆಯದು ಉರಿಯುತ್ತಿದ್ದವು. ಪ್ರೋಗ್ರಾಂ ನೋಡಿದೆ, ಸರಿ ಇತ್ತು. ಬೌಡ್ ರೇಟ್, ಅಂದರೆ ಬಿಟ್ ಕಳಿಸುವ ವೇಗ, 9600 ಆಗಲು ಟಿಎಚ್‌1 ಎಂಬ ರಿಜಿಸ್ಟರಿಗೆ ಎಫ್‌ಡಿ ಹಾಕಬೇಕು, ಹಾಕಿದ್ದಳು. ಪಕ್ಕದ ಬೋರ್ಡಿನಲ್ಲೂ ಅದೇ ಕಥೆ. ಅದರ ಪಕ್ಕದಲ್ಲೂ. ಇಪ್ಪತ್ತೂ ಬೋರ್ಡು ಒಂದೇ ಥರ ಸುಳ್ಳು ಹೇಳುತ್ತಿದ್ದವು. ಕೇಬಲ್ ಬದಲಿಸಿದೆ, ಕಂಪ್ಯೂಟರ್ ಬದಲಿಸಿದೆ. ಕೊನೆಗೆ, "ಬಂದ ಬೋರ್ಡೆಲ್ಲ ಹಾಳು. ವಾಪಸ್ ಕಳಿಸುವ" ಎಂದೆ.

ಆಗಲೇ ಹಿಂದಿನಿಂದ ಹರಿಣಾಕ್ಷಿಯಕ್ಕ ಹೇಳಿದ್ದು. "ಸರ್, ಬೋರ್ಡ್ ಹಾಳಾದದ್ದಲ್ಲ ಅಂತ ಕಾಣ್ತದೆ. ಹಾಳಾದರೆ ಇಪ್ಪತ್ತೂ ಒಂದೇ ರೀತಿ ಹಾಳಾಗುವುದಿಲ್ಲ."

ನಾನು ವಯರ್ ಎಣಿಸಿ ಎಂದದ್ದು ಅದಕ್ಕೆ ಉತ್ತರವಾಗಿ.

ಮಧ್ಯಾಹ್ನ ಕಂಪೆನಿಗೆ ಫೋನ್ ಮಾಡಿದೆ. ಕಳಿಸಿಕೊಡಿ, ನೋಡಲು ಹದಿನೈದು ದಿನ ಬೇಕು ಎಂದರು. ಪರೀಕ್ಷೆಗೆ ಮೂರೇ ದಿನ. ಚೀಟಿ ಎತ್ತಿ ಪ್ರಶ್ನೆ ಪಡೆಯುವ ಪರೀಕ್ಷೆ ಅದು. ಸೀರಿಯಲ್ ಪ್ರಶ್ನೆ ಯಾರಿಗೆ ಬಂದರೂ ಅವರ ಗತಿ ಮುಗಿಯಿತು. ಸ್ಟಾಫ್ ರೂಮಿನಲ್ಲಿ ತಲೆ ಹಿಡಿದು ಕುಳಿತಿದ್ದಾಗ ಹರಿಣಾಕ್ಷಿಯಕ್ಕ ಬಾಗಿಲಲ್ಲಿ ನಿಂತರು.

"ಸರ್, ಸ್ಕೋಪಿನ ಕೀ ಕೊಡ್ತೀರಾ?"

"ಯಾಕೆ?"

"ಅಳೆದು ನೋಡ್ಬೇಕು. ಅರ್ಧ ಗಂಟೆ ಸಾಕು."

ಸ್ಕೋಪ್ ಎಂದರೆ ತಂತಿಯ ಮೇಲೆ ಓಡುವ ಸಂಕೇತವನ್ನು ಗೆರೆಯಾಗಿ ತೋರಿಸುವ ಯಂತ್ರ. ನಮ್ಮಲ್ಲಿ ಒಳ್ಳೆಯದು ಇದ್ದದ್ದು ಒಂದೇ, ಅದರ ಕಪಾಟಿನ ಕೀ ಉಪನ್ಯಾಸಕರ ಹತ್ತಿರವೇ ಇರಬೇಕೆಂದು ನಿಯಮ. "ಅಟೆಂಡರ್ ಮುಟ್ಟುವ ಹಾಗಿಲ್ಲ ಅಕ್ಕ" ಎಂದೆ.

"ಹಾಗಾದರೆ ನೀವೇ ಬನ್ನಿ. ನೀವು ಮುಟ್ಟಿ, ನಾನು ಹೇಳ್ತೇನೆ."

ಅವರ ದನಿಯಲ್ಲಿ ಜಗಳ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ. ನಾನು ಬರುವವರೆಗೆ ಅಲ್ಲಿಂದ ಹೋಗುವುದಿಲ್ಲ ಎಂಬುದು ಮಾತ್ರ ನಿಂತ ರೀತಿಯಲ್ಲಿ ಗೊತ್ತಾಗುತ್ತಿತ್ತು. ಎದ್ದು ಹೋದೆ.

ಅವರು ಆಗಲೇ ಒಂದು ಬೋರ್ಡನ್ನು ಮೇಜಿನ ಮೇಲೆ ಇಟ್ಟಿದ್ದರು. ಪುಸ್ತಕ ತೆರೆದು ತೋರಿಸಿದರು. ಕನ್ನಡ ಅಕ್ಷರದಲ್ಲಿ 'ಎಸ್‌ಬಫ್', 'ಎಸ್‌ಕಾನ್' ಎಂದು ರಿಜಿಸ್ಟರುಗಳ ಹೆಸರು, ಪಕ್ಕದಲ್ಲಿ ಚೌಕಗಳು, ಚೌಕಗಳೊಳಗೆ ಬಿಟ್‌ಗಳು. ಮಧ್ಯಾಹ್ನ ನಾನು ಫೋನಿನಲ್ಲಿದ್ದಾಗ ಅವರು ಬೇರೆ ಬೇರೆ ಅಕ್ಷರ ಕಳಿಸಿ, ಯಾವ ದೀಪ ಉರಿಯಿತು ಎಂದು ಬರೆದುಕೊಂಡಿದ್ದರು.

"ನೋಡಿ ಸರ್. ಯಾವ ಅಕ್ಷರ ಕಳಿಸಿದರೂ ಮೊದಲ ಐದು ದೀಪ ಸರಿಯೇ ಉಂಟು. ತಪ್ಪುವುದು ಕೊನೆಯ ಮೂರು. ಅದೂ ಹೇಗೆಂದರೆ ಹಾಗೆ ಅಲ್ಲ. ಏಳನೆಯದಕ್ಕೆ ಬರಬೇಕಾದ್ದು ಎಂಟನೆಯದಕ್ಕೆ ಬರ್ತದೆ. ಆರನೆಯದ್ದು ಏಳಕ್ಕೆ. ಒಂದೊಂದು ಮನೆ ಮುಂದೆ."

ನಾನು ನೋಡುತ್ತಾ ನಿಂತೆ. ಎಲ್ಲ ಬೋರ್ಡು ತಪ್ಪು ಎಂದು ನಾನು ನೋಡಿದ್ದೆ. ತಪ್ಪು ಯಾವ ಬಿಟ್‌ನಿಂದ ಶುರುವಾಗುತ್ತದೆ ಎಂದು ನೋಡಿರಲಿಲ್ಲ.

"ಗದ್ದೆಯಲ್ಲಿ ನೇಜಿ ನೆಡುವಾಗ ಹೀಗೆ ಆಗ್ತದಲ್ಲ ಸರ್," ಎಂದರು. "ಇಬ್ಬರು ಒಂದೇ ಬದುವಿನಿಂದ ಹೊರಡ್ತಾರೆ. ಒಬ್ಬಳ ಗೇಣು ಸ್ವಲ್ಪ ಚಿಕ್ಕದು. ಮೊದಲ ನಾಲ್ಕೈದು ಸಸಿ ಹೆಚ್ಚುಕಮ್ಮಿ ಎದುರುಬದುರು ಬರ್ತದೆ. ಎಂಟಕ್ಕೆ ಬರುವಾಗ ಒಂದು ಸಸಿಯಷ್ಟೇ ಹಿಂದೆ ಬಿದ್ದಿರ್ತಾಳೆ. ಕಂಪ್ಯೂಟರ್ ಕಳಿಸುವ ವೇಗ ಬೇರೆ, ಬೋರ್ಡ್ ಓದುವ ವೇಗ ಬೇರೆ. ಬೋರ್ಡಿನ ಗೇಣು ಚಿಕ್ಕದು. ಏಳನೆಯ ಬಿಟ್ ಇನ್ನೂ ತಂತಿಯಲ್ಲಿ ಇರುವಾಗಲೇ ಅದು ಎಂಟನೆಯದು ಅಂತ ಓದ್ತಾ ಉಂಟು."

ಅವರು ಹೇಳಿದಂತೆ ಬೋರ್ಡಿನಿಂದ 'ಯು' ಅಕ್ಷರವನ್ನು ಸತತವಾಗಿ ಕಳಿಸುವ ಪ್ರೋಗ್ರಾಂ ಹಾಕಿದೆ. ಆ ಅಕ್ಷರದ ಬಿಟ್‌ಗಳು ಒಂದು, ಸೊನ್ನೆ, ಒಂದು, ಸೊನ್ನೆ ಎಂದು ಸಾಲಾಗಿ ಬರುವುದರಿಂದ ಗೆರೆಯಲ್ಲಿ ಒಂದೊಂದು ಬಿಟ್ಟೂ ಬೇರೆಬೇರೆಯಾಗಿ ಕಾಣುತ್ತದೆ. ಸ್ಕೋಪಿನ ಎರಡು ಗುರುತುಗಳನ್ನು ಒಂದು ಬಿಟ್‌ನ ಎರಡು ಅಂಚಿಗೆ ತಂದೆ. 9600ರ ವೇಗದಲ್ಲಿ ಒಂದು ಬಿಟ್ ನೂರ ನಾಲ್ಕು ಮೈಕ್ರೊಸೆಕೆಂಡ್ ಇರಬೇಕು.

ತೊಂಬತ್ತಾರು ಇತ್ತು.

ಹರಿಣಾಕ್ಷಿಯಕ್ಕ ಪೆನ್ಸಿಲಿನಿಂದ ತೊಂಬತ್ತಾರನ್ನು ಬರೆದು, ಮೂವತ್ತೆರಡರಿಂದ ಭಾಗಿಸಿ, ಮೂರು ಎಂದು ಬರೆದು ಅದಕ್ಕೆ ಸುತ್ತು ಹಾಕಿದರು. ಟಿಎಚ್‌1ರಲ್ಲಿ ಎಫ್‌ಡಿ ಇದ್ದರೆ ಚಿಪ್ಪಿನ ಟೈಮರ್ ಮೂರು ಎಣಿಸಿ ಒಮ್ಮೆ ತುಂಬಿ ಉಕ್ಕುತ್ತದೆ, ಅಂಥ ಮೂವತ್ತೆರಡು ಉಕ್ಕು ಸೇರಿದರೆ ಒಂದು ಬಿಟ್. ಅಂದರೆ ಒಂದು ಎಣಿಕೆಗೆ ಸರಿಯಾಗಿ ಒಂದು ಮೈಕ್ರೊಸೆಕೆಂಡ್.

"ಎಣಿಕೆ ಒಂದು ಮೈಕ್ರೊಸೆಕೆಂಡ್ ಆಗ್ಬೇಕಾದ್ರೆ ಕ್ರಿಸ್ಟಲ್ ಹನ್ನೆರಡು ಮೆಗಾಹರ್ಟ್ಸ್ ಇರ್ಬೇಕು ಸರ್. ನಮ್ಮ ಹಳೆಯದರಲ್ಲಿ ಹನ್ನೊಂದು ಪಾಯಿಂಟ್ ಸೊನ್ನೆ ಐದು ಒಂಬತ್ತು ಎರಡು ಇದ್ದದ್ದು."

ಬೋರ್ಡಿನ ಸಣ್ಣ ಪರದೆಯ ನಾಲ್ಕು ಸ್ಕ್ರೂ ಬಿಚ್ಚಿದೆ. ಅದರ ಅಡಿಯಲ್ಲಿ, ಚಿಪ್ಪಿನ ಎಣಿಕೆಗೆ ತಾಳ ಹಾಕುವ ಕ್ರಿಸ್ಟಲ್ ಕುಳಿತಿತ್ತು. ಅದರ ಬೆನ್ನಿನ ಮೇಲೆ ಹನ್ನೆರಡು ಎಂದು ಅಚ್ಚು ಹಾಕಿತ್ತು. ಪಕ್ಕದ ಬೋರ್ಡು ಬಿಚ್ಚಿದೆ. ಹನ್ನೆರಡು.

ನನಗೆ ನಾಚಿಕೆಯಾಯಿತು. ಬೆಳಿಗ್ಗೆಯ ಮಾತಿಗೆ ಕ್ಷಮೆ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಬದಲಿಗೆ, "ಕ್ರಿಸ್ಟಲ್ ಬದಲಿಸುವ" ಎಂದೆ. ಮಂಗಳೂರಿನ ಅಂಗಡಿಗೆ ಫೋನ್ ಮಾಡಿದರೆ ಅವರಲ್ಲಿ ಇದ್ದದ್ದು ನಾಲ್ಕೇ. ಉಳಿದದ್ದು ಬರಲು ವಾರ ಬೇಕು.

"ಹಾಗಾದರೆ 9600 ಬಿಡುವ ಸರ್," ಎಂದರು ಹರಿಣಾಕ್ಷಿಯಕ್ಕ. "ಈ ಕ್ರಿಸ್ಟಲಿಗೆ ಯಾವ ವೇಗ ಒಗ್ಗುತ್ತದೆ ನೋಡುವ."

ಆ ಸಂಜೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಎಣಿಕೆ ಮೂರಾದರೆ ವೇಗ ಜಾಸ್ತಿ, ನಾಲ್ಕಾದರೆ ತೀರಾ ಕಡಿಮೆ, ಮೂರೂಕಾಲು ಎಣಿಸು ಎಂದರೆ ಟೈಮರ್ ಎಣಿಸುವುದಿಲ್ಲ. ವೇಗ ಇಮ್ಮಡಿ ಮಾಡುವ ಎಸ್‌ಮಾಡ್ ಬಿಟ್ ಹಾಕಿದರೂ 9600 ಕೂಡಿ ಬರಲಿಲ್ಲ. ಆದರೆ ಎಸ್‌ಮಾಡ್ ಹಾಕಿ, ಟಿಎಚ್‌1ಕ್ಕೆ ಎಫ್‌3 ಕೊಟ್ಟರೆ ಹದಿಮೂರು ಎಣಿಕೆ, ಹದಿನಾರು ಉಕ್ಕು. ಹದಿಮೂರು ಹದಿನಾರಲಿ ಇನ್ನೂರ ಎಂಟು ಮೈಕ್ರೊಸೆಕೆಂಡ್. 4800ರ ವೇಗಕ್ಕೆ ಬೇಕಾದದ್ದು ಇನ್ನೂರ ಎಂಟೂ ಚಿಲ್ಲರೆ. ಕಂಪ್ಯೂಟರಿನಲ್ಲೂ 4800 ಎಂದು ಹೊಂದಿಸಿ ಹರಿಣಾಕ್ಷಿಯಕ್ಕ 'ಎ' ಒತ್ತಿದರು. ಒಂದನೆಯ ದೀಪ, ಏಳನೆಯ ದೀಪ. 'ಬಿ' ಒತ್ತಿದರು. ಅದೂ ಸರಿ. ಝಡ್‌ವರೆಗೆ ಒಂದೊಂದಾಗಿ ಒತ್ತಿ ನೋಡಿ ಆಮೇಲೆ ಬಸ್ಸಿಗೆ ಓಡಿದರು.

ಮಂಗಳವಾರ ತರಗತಿಯಲ್ಲಿ ನಾನು, "ಇವತ್ತು ಸೀರಿಯಲ್ ಪಾಠ ಹರಿಣಾಕ್ಷಿಯಕ್ಕ ಮಾಡ್ತಾರೆ" ಎಂದೆ. ಅವರು ಸ್ಟೂಲಿನಿಂದ ಏಳಲೇ ಇಲ್ಲ. "ನನ್ನ ಇಂಗ್ಲಿಷ್ ಸರಿ ಇಲ್ಲ ಸರ್." ತೃಷಾ, "ಕನ್ನಡದಲ್ಲಿ ಹೇಳಿ ಅಕ್ಕ, ತುಳುವಿನಲ್ಲಾದರೂ ಆಗ್ತದೆ" ಎಂದಳು. ಆಮೇಲೆ ಎದ್ದರು. ಕಪ್ಪುಹಲಗೆಯ ಮೇಲೆ ಮೊದಲ ಸಾಲನ್ನು ಎರಡು ಸಲ ಅಳಿಸಿ ಬರೆದರು. ಐದು ನಿಮಿಷದ ಮೇಲೆ ಅಳಿಸುವುದು ನಿಂತಿತು. ಒಂದು ತಪ್ಪನ್ನು ಅವರು ಬೇಕೆಂದೇ ಮಾಡಿ ತೋರಿಸಿದರು: ಆರ್‌ಐಯನ್ನು ಸೊನ್ನೆ ಮಾಡುವ ಸಾಲನ್ನು ಅಳಿಸಿದರು. ಮೊದಲ ಅಕ್ಷರ ಸರಿಯಾಗಿ ಬಂತು. ಎರಡನೆಯದು ಕಳಿಸಿದಾಗ ದೀಪ ಕದಲಲಿಲ್ಲ.

"ಹಿಂದಿನದನ್ನು ಓದಿ ಆಯಿತು ಅಂತ ನೀವು ಹೇಳದೆ ಅದು ಹೊಸದನ್ನು ಒಳಗೆ ಬಿಡುವುದಿಲ್ಲ. ಬಂದದ್ದು ಹಾಗೇ ಬಿದ್ದು ಹೋಗ್ತದೆ. ಗೊತ್ತಾಯ್ತಾ?"

ಬುಧವಾರ ಪ್ರತಿಯೊಬ್ಬರಿಂದಲೂ ಎರಡೆರಡು ಸಲ ಮಾಡಿಸಿದರು. ಲೆಕ್ಕ ಬರೆಯದೆ ಎಫ್‌3 ಎಂದು ಬಾಯಿಪಾಠ ಹೇಳಿದವರನ್ನು ಮತ್ತೆ ಕೂರಿಸಿದರು.

ಗುರುವಾರ ಪರೀಕ್ಷಕಿಯಾಗಿ ಹೊರಗಿನಿಂದ ಬಂದವರು ಸಬೀಹಾ ಮೇಡಂ. ಮೂವತ್ತು ವರ್ಷ ಪಾಠ ಮಾಡಿದವರು, ಅನವಶ್ಯಕ ಮಾತಿಲ್ಲ. ಸೀರಿಯಲ್ ಚೀಟಿ ಮೂರು ಮಂದಿಗೆ ಬಂತು. ಅವರಲ್ಲಿ ತೃಷಾ ಒಬ್ಬಳು. ಮೇಡಂ ಅವಳ ಉತ್ತರ ಪತ್ರಿಕೆ ನೋಡಿ ಪೆನ್ನು ಕೆಳಗಿಟ್ಟರು.

"ಪ್ರಶ್ನೆಯಲ್ಲಿ 9600 ಅಂತ ಉಂಟು. ನೀನು 4800 ಬರೆದಿದ್ದೀ. ಟಿಎಚ್‌1ಕ್ಕೆ ಎಫ್‌ಡಿ ಬರಬೇಕು. ಇದು ತಪ್ಪು."

"ಮೇಡಂ, ಈ ಬೋರ್ಡಿಗೆ..." ತೃಷಾ ಬೋರ್ಡನ್ನು ಮೇಡಂ ಕಡೆ ತಿರುಗಿಸಿದಳು.

ನಾನು ವಿವರಿಸಲು ಹೋದೆ. ಮೇಡಂ ಕೈ ತೋರಿಸಿ ತಡೆದರು. "ಆಂತರಿಕ ಪರೀಕ್ಷಕರು ವಿದ್ಯಾರ್ಥಿಯ ಪರವಾಗಿ ಮಾತಾಡುವ ಹಾಗಿಲ್ಲ."

ಅದೂ ನ್ಯಾಯವೇ. ನಾನು ಹಿಂದೆ ಸರಿದೆ. ಆಗ ಹರಿಣಾಕ್ಷಿಯಕ್ಕ ಕಪಾಟಿನ ಹತ್ತಿರದಿಂದ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು.

"ಮೇಡಂ, ನಾನು ಅಟೆಂಡರ್. ಪರೀಕ್ಷಕಿ ಅಲ್ಲ. ಸಾಮಾನು ಸರಿ ಇಲ್ಲದಿದ್ದರೆ ಪರೀಕ್ಷಕರಿಗೆ ತಿಳಿಸುವುದು ನನ್ನ ಕೆಲಸ. ತಿಳಿಸ್ತಾ ಇದ್ದೇನೆ. ಈ ಬೋರ್ಡುಗಳಲ್ಲಿ 9600 ಬರುವುದಿಲ್ಲ."

"ಯಾರು ಹೇಳಿದ್ದು?"

"ಅಳೆದದ್ದು ಮೇಡಂ. ನೀವೂ ಅಳೆದು ನೋಡಿ. ಸ್ಕೋಪ್ ಇಟ್ಟಿದ್ದೇನೆ."

ಸಬೀಹಾ ಮೇಡಂ ಎದ್ದು ಸ್ಕೋಪಿನ ಎದುರು ಕುಳಿತರು. ತಾವೇ ಎಫ್‌ಡಿ ಹಾಕಿದರು, ತಾವೇ ಗುರುತುಗಳನ್ನು ಎಳೆದರು. ತೊಂಬತ್ತಾರು. ಮತ್ತೊಂದು ಬೋರ್ಡು ತರಿಸಿದರು. ತೊಂಬತ್ತಾರು. ಪರದೆ ಬಿಚ್ಚಿಸಿ ಕ್ರಿಸ್ಟಲ್ ನೋಡಿದರು. ಅಲ್ಲೇ ಒಂದು ಕಾಗದದಲ್ಲಿ ಲೆಕ್ಕ ಹಾಕಿದರು. ಅವರಿಗೆ ಎರಡು ನಿಮಿಷ ಸಾಕಾಯಿತು.

"ಪ್ರಶ್ನೆ ಬದಲಿಸುವ ಅಧಿಕಾರ ನನಗಿಲ್ಲ," ಎಂದರು. "9600ಕ್ಕೆ ಹನ್ನೊಂದು ಚಿಲ್ಲರೆ ಕ್ರಿಸ್ಟಲಿನ ಲೆಕ್ಕ ಬರೆಯಬೇಕು. ಈ ಬೋರ್ಡಿನಲ್ಲಿ ಅದು ಯಾಕೆ ಆಗುವುದಿಲ್ಲ ಅಂತ ಬರೆಯಬೇಕು. ಆಮೇಲೆ ಆಗುವ ವೇಗದಲ್ಲಿ ನಡೆಸಿ ತೋರಿಸಬೇಕು. ಮೂರೂ ಮಾಡಿದವರಿಗೆ ಪೂರ್ತಿ ಅಂಕ. ಹದಿನೈದು ನಿಮಿಷ ಹೆಚ್ಚು ಕೊಡ್ತೇನೆ."

ತೃಷಾ ಮೂರನ್ನೂ ಬರೆದಳು. ಇನ್ನೊಬ್ಬನೂ ಬರೆದ. ಮೂರನೆಯವನು ಗಡಿಬಿಡಿಯಲ್ಲಿ ಆರ್‌ಐ ಸಾಲನ್ನೇ ಮರೆತು, ಎರಡನೆಯ ಅಕ್ಷರಕ್ಕೆ ದೀಪ ಕದಲದೆ ನಿಂತಾಗ ಅದೇ ಕೀಯನ್ನು ಮತ್ತೆ ಮತ್ತೆ ಒತ್ತಿದ. ಸಬೀಹಾ ಮೇಡಂ ಅಂಕ ಕಳೆದರು. ಹರಿಣಾಕ್ಷಿಯಕ್ಕ ಅವನ ಕಡೆ ನೋಡಲೂ ಇಲ್ಲ, ಕಪಾಟಿನ ಹತ್ತಿರವೇ ನಿಂತಿದ್ದರು.

ಹೊರಡುವಾಗ ಮೇಡಂ ಅವರನ್ನು ಕರೆದು, "ನೀವು ಏನು ಓದಿದ್ದು?" ಎಂದು ಕೇಳಿದರು.

"ಐಟಿಐ ಮೇಡಂ."

"ಐಟಿಐ ಆದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಸೇರಬಹುದು, ಗೊತ್ತುಂಟಾ?"

"ಗೊತ್ತುಂಟು," ಎಂದರು ಹರಿಣಾಕ್ಷಿಯಕ್ಕ. ಗೊತ್ತಿದ್ದದ್ದು ಹನ್ನೊಂದು ವರ್ಷದಿಂದ ಎಂದು ಆಮೇಲೆ ನನಗೆ ಹೇಳಿದರು.

ಕ್ರಿಸ್ಟಲುಗಳು ಮುಂದಿನ ವಾರ ಬಂದವು. ಇಪ್ಪತ್ತು ಬೋರ್ಡುಗಳ ಬೆಸುಗೆ ಬಿಡಿಸಿ ಹೊಸದು ಕೂರಿಸಿದ್ದು ಅವರೇ, ಎರಡು ದಿನದಲ್ಲಿ. ನಾನು ಆಗ ಕ್ಷಮೆ ಕೇಳಿದೆ. "ಆ ಮಾತು ನಾನು ಆಗಲೇ ಬಿಟ್ಟಿದ್ದೇನೆ ಸರ್. ಆ ಇಕ್ಕುಳ ಕೊಡಿ" ಎಂದರು.

ಆ ಜೂನಿನಲ್ಲಿ ಅರ್ಜಿ ಹಾಕಿದರು. ಪ್ರಾಂಶುಪಾಲರು ಒಪ್ಪಲು ಸಮಯ ತೆಗೆದುಕೊಂಡರು. ಅಟೆಂಡರ್ ಕೆಲಸವೂ ಬೇಕು, ತರಗತಿಯೂ ಬೇಕು ಎಂದರೆ ಹೇಗೆ ಎಂದು ಕೇಳಿದರು. ಹರಿಣಾಕ್ಷಿಯಕ್ಕ ವೇಳಾಪಟ್ಟಿಯನ್ನೇ ಬರೆದು ತಂದಿದ್ದರು: ಬೆಳಿಗ್ಗೆ ಏಳೂವರೆಗೆ ಲ್ಯಾಬ್ ತೆರೆಯುವುದು, ತರಗತಿ ಇಲ್ಲದ ಗಂಟೆಗಳಲ್ಲಿ ಸಾಮಾನು, ಸಂಜೆ ಆರರವರೆಗೆ ಉಳಿದ ಕೆಲಸ. ಪ್ರಾಂಶುಪಾಲರು ಎರಡು ಸಲ ವಾಪಸು ಕಳಿಸಿದರು. ಇವರು ಮೂರನೆಯ ಸಲ ತಿದ್ದಿಕೊಂಡು ಹೋದಾಗ ಸಹಿ ಹಾಕಿದರು. ಶಂಭು ಅವರು ಮನೆಯ ಅಡುಗೆ ವಹಿಸಿಕೊಂಡರು. ಸಾರಿಗೆ ಉಪ್ಪು ಹಾಕುವುದನ್ನು ಮಾತ್ರ ಕಲಿಯಲಿಲ್ಲ ಎಂದು ಇವರ ದೂರು.

ಮೊದಲ ಸೆಮಿಸ್ಟರಿನಲ್ಲಿ ಗಣಿತದಲ್ಲಿ ಫೇಲಾದರು. ಫಲಿತಾಂಶದ ದಿನ ಲ್ಯಾಬಿಗೆ ಬಂದು ಎಂದಿನಂತೆ ಮೇಜು ಒರೆಸಿದರು. ನಾನು ಏನೋ ಸಮಾಧಾನ ಹೇಳಹೊರಟೆ. "ಹನ್ನೊಂದು ಅಂಕ ಕಮ್ಮಿ ಸರ್. ಇಂಟಿಗ್ರೇಷನ್ ಒಂದು ಬಂದರೆ ಆಗ್ತದೆ. ಶನಿವಾರ ಸಂಜೆ ಹೇಳಿಕೊಡ್ತೀರಾ?" ಎಂದರು. ಹದಿನಾರು ಶನಿವಾರ ಹೇಳಿಕೊಟ್ಟೆ. ಮುಂದಿನ ಸಲ ಪಾಸಾದರು, ನಲವತ್ತೇಳು ಅಂಕ.

ಎರಡು ವರ್ಷದ ನಂತರ ಡಿಪ್ಲೊಮಾ ಮುಗಿಯಿತು. ಈಗ ಅವರು ನಮ್ಮ ಲ್ಯಾಬಿನ ಬೋಧಕಿ. ಹಾಜರಿ ಪುಸ್ತಕದಲ್ಲಿ ಹೆಸರು ಅಟೆಂಡರುಗಳ ಪುಟದಿಂದ ಬೋಧಕರ ಪುಟಕ್ಕೆ ಹೋಗಿದೆ. ಮುಂದಿನ ವರ್ಷದಿಂದ ಪಠ್ಯದಲ್ಲಿ 8051 ಇರುವುದಿಲ್ಲ, ಹೊಸ ಚಿಪ್ಪು ಬರುತ್ತದೆ. ಅದರ ಯುಆರ್ಟಿಗೆ ರಿಜಿಸ್ಟರುಗಳು ಹೆಚ್ಚು, ಬೌಡ್ ರೇಟ್ ಲೆಕ್ಕವೂ ಬೇರೆ. ಹೋದ ವಾರ ಅವರು ಅದರ ಕೈಪಿಡಿಯನ್ನು ಮುದ್ರಿಸಿ ಬೈಂಡ್ ಮಾಡಿಸಿ ತಂದರು. ಆರುನೂರ ನಲವತ್ತು ಪುಟ, ಎಲ್ಲ ಇಂಗ್ಲಿಷ್. ದಿನಕ್ಕೆ ನಾಲ್ಕು ಪುಟದಂತೆ ಓದುತ್ತಿದ್ದಾರೆ. ನಿನ್ನೆ ಕೇಳಿದಾಗ ಇಪ್ಪತ್ತೆಂಟರಲ್ಲಿದ್ದರು.